ಮುಖಪುಟದ ಸೀರೆಗೆ ಕೊಂಡಿ ಇರಲಿಲ್ಲ

ಇಳಕಲ್ಲಿನ ಕೈಮಗ್ಗದ ಕಥೆಗಳಿದ್ದ ನನ್ನ ಮೊದಲ ಪುಸ್ತಕ ಅಚ್ಚಿಗೆ ಹೋಗಲು ವಾರವಷ್ಟೇ ಉಳಿದಿತ್ತು. ಬಸ್ ನಿಲ್ದಾಣದ ಬಳಿಯ ಸೈಬರ್ ಕೆಫೆಯಲ್ಲಿ ಕೂತು ಅದರ ಆಯ್ದ ಭಾಗಗಳನ್ನು ಬ್ಲಾಗಿಗೆ ಹಾಕುತ್ತಿದ್ದೆ, ಓದುಗರು ಬರೆದದ್ದಕ್ಕೆಲ್ಲ ಉತ್ತರಿಸುತ್ತಿದ್ದೆ. ಇಳಕಲ್ ಸೀರೆಯಿದ್ದ ಮುಖಪುಟದ ಚಿತ್ರ ಹಾಕಿದ ಮರುದಿನ, ಹೊಗಳಿಕೆಗಳ ನಡುವೆ ಹೆಸರಿಲ್ಲದ ಒಂದು ಸಾಲು ಬಂದಿತ್ತು: ‘ಈ ಸೀರಿಗೆ ಕೊಂಡಿನ ಇಲ್ಲಲ್ರಿ.’

ನಾನು ಪಾಠ ಹೇಳುತ್ತಿದ್ದ ಕಾಲೇಜಿನ ಸಹೋದ್ಯೋಗಿಯೊಬ್ಬರ ಮೇಲೆ ನನಗೆ ಅನುಮಾನ. ಹಿಂದಿನ ಭಾಗ ಓದಿ ಅವರು ನಕ್ಕಿದ್ದರು. ನಕ್ಕಿದ್ದರೆಂದು ನನ್ನ ನೆನಪು, ಆಗ ಬರೆಯುತ್ತಿದ್ದ ಡೈರಿಯಲ್ಲಿ ಅದಿಲ್ಲ. ‘ಧೈರ್ಯವಿದ್ದರೆ ಹೆಸರು ಹೇಳಿ ಮಾತಾಡಿ’ ಎಂದು ಉತ್ತರ ಬರೆದೆ.

ಆದರೂ ಚಿತ್ರದ ಪ್ರಿಂಟ್ ತೆಗೆಸಿ, ಅವ್ವನ ತಂಗಿ, ಸೀರೆ ನೇಯುವ ಚಿಗವ್ವನಿಗೆ ತೋರಿಸಿದೆ. ಕೈಮಗ್ಗದಲ್ಲಿ ಮೈಯ ಎಳೆಗಳಿಗೆ ಸೆರಗಿನ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ಆ ಕೂಡಿಕೆಯ ಗೆರೆಯನ್ನು ಅವಳು ಚಿತ್ರದಲ್ಲಿ ಬೆರಳಿನಿಂದ ಹುಡುಕಿ, ಕಾಣದೆ ನಕ್ಕಳು.

“ಕಥಿ ಮಗ್ಗದ್ದು, ಸೀರಿ ಮಷೀನಿಂದು! ಇದನ್ನ ನೋಡಿದ ಮ್ಯಾಲ ಒಳಗಿಂದು ಯಾರ್ ನಂಬ್ತಾರಲೇ?”

ಪ್ರಕಾಶಕರಿಗೆ ಫೋನ್ ಮಾಡಿ ಮುಖಪುಟ ತಡೆಸಿದೆ. ಚಿಗವ್ವನ ಸೀರೆಯ ಫೋಟೊ ಕಳಿಸುವುದೆಂದಾಯಿತು. ಸೈಬರ್ ಕೆಫೆಗೆ ಹೋದಾಗ ಮರುಉತ್ತರ ಕಾದಿತ್ತು: ‘ನಾ ಕೊಂಡಿ ಹಾಕಾಕಿ ರೀ. ಮಗಳ ಕಡಿಂದ ಟೈಪ್ ಮಾಡ್ಸೇನಿ. ಹೆಸರು ಹೇಳಿದ್ರ ನಿಮಗೇನ್ ಗೊತ್ತಾಗ್ತದ?’

ಧನ್ಯವಾದ ಬರೆಯುವ ಮೊದಲು ನನ್ನ ಬಿರುಸಿನ ಉತ್ತರವನ್ನು ಅಳಿಸಿದೆ. ಆಕೆಗೆ ನೋವಾಗದಿರಲೆಂದು ಅಳಿಸಿದೆ ಎನ್ನುತ್ತದೆ ನನ್ನ ಡೈರಿ. ಅದನ್ನು ನಾನು ನಂಬುವುದಿಲ್ಲ. ಆಕೆ ಆ ಉತ್ತರವನ್ನು ಆಗಲೇ ಓದಿಯಾಗಿತ್ತು. ಓದದೆ ಉಳಿದಿದ್ದವರು ಪುಸ್ತಕ ಕೊಳ್ಳಬೇಕಾದ ಬೇರೆಯವರು.