ಹತ್ತರಲ್ಲಿ ಐದು

ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ನನ್ನ ಕೆಲಸ ಗಂಟೆಗೊಮ್ಮೆ ಮೀಟರುಗಳನ್ನು ನೋಡಿ ಪುಸ್ತಕದಲ್ಲಿ ಬರೆಯುವುದು. ಮುಳ್ಳು ಎಲ್ಲಿ ನಿಂತಿದೆಯೋ ಅದನ್ನು ಬರೆಯಬೇಕು, ಎಲ್ಲಿ ನಿಲ್ಲಬೇಕಿತ್ತು ಎಂಬುದನ್ನಲ್ಲ. ಇಡೀ ನೌಕರಿ ಹಾಗೆ ಕಳೆಯಿತು. ನಿವೃತ್ತನಾಗಿ ರಾಯಚೂರಿಗೆ ಬಂದ ಮೇಲೂ ಐದಕ್ಕೆ ಏಳುವುದು, ಆರಕ್ಕೆ ನಡೆಯುವುದು ತಪ್ಪಲಿಲ್ಲ. ಒಂದು ಸಣ್ಣ ಸಮೀಕ್ಷಾ ಸಂಸ್ಥೆ ಚುನಾವಣೆಯ ಮುಂಚೆ ಜನರ ಒಲವು ತಿಳಿಯಲು ಮನೆಮನೆಗೆ ಹೋಗುವವರ ಮೇಲ್ವಿಚಾರಕನಾಗಿ ನನ್ನನ್ನು ಕರೆದಾಗ, ನನ್ನ ಕೈಬರಹ ಮತ್ತು ಗಡಿಯಾರ ನೋಡಿಯೇ ಕರೆದರೆಂದು ತಿಳಿದೆ.

ನನ್ನ ಕೈಕೆಳಗೆ ಆರು ಜನ. ಅವರಲ್ಲಿ ಒಬ್ಬಳು ಬಜಾರಿನಲ್ಲಿ ಬಳೆ ಅಂಗಡಿಯಿಟ್ಟ ಮನೆಯ ಹುಡುಗಿ. ಮನೆಯಲ್ಲಿ ದಖನಿ ಉರ್ದು, ಹೊರಗೆ ಕನ್ನಡ. ಎರಡರಲ್ಲೂ ನಾಲಿಗೆ ಚುರುಕು. ಸಮೀಕ್ಷೆಯಲ್ಲಿ ಮಾನ್ವಿ ತಾಲೂಕು ಅವಳ ಪಾಲಿಗೆ ಬಂದಿತ್ತು. ಈ ಸಲ ಕೆಲಸ ಸರಿಯಾದರೆ ಮುಂದೆ ದೇವದುರ್ಗಕ್ಕೆ ಅವಳನ್ನೇ ಮೇಲ್ವಿಚಾರಕಿ ಮಾಡುತ್ತೇವೆಂದು ಕಚೇರಿಯವರು ಹೇಳಿದ್ದರು. ಅವಳು ಮನೆಯಲ್ಲಿ ಆ ಮಾತನ್ನು ಹೇಳಿಯೂ ಆಗಿತ್ತು.

ಯಾರಿಗೆ ಮತ ಹಾಕುತ್ತೀರಿ ಎಂದು ಎಲ್ಲರನ್ನೂ ಕೇಳುತ್ತಿದ್ದೆವು. ಆದರೆ ಹೇಳಿದವರೆಲ್ಲ ಬೂತಿಗೆ ಹೋಗುವುದಿಲ್ಲ. ಹೋಗದವರ ಮಾತು ಲೆಕ್ಕಕ್ಕೆ ಸೇರಿದರೆ ಅಂದಾಜು ಕೆಡುತ್ತದೆ. ಅದಕ್ಕೆ ಒಂದು ಜರಡಿ ಇತ್ತು: ಮತ ಹಾಕಲು ಹೋಗುವುದು ಹತ್ತರಲ್ಲಿ ಎಷ್ಟು ಖಾತ್ರಿ? ಏಳು ಮತ್ತು ಅದಕ್ಕಿಂತ ಮೇಲೆ ಹೇಳಿದವರ ಫಾರಂ ಲೆಕ್ಕಕ್ಕೆ, ಕೆಳಗಿನದು ಬದಿಗೆ. ಇನ್ನೂ ತೀರ್ಮಾನಿಸಿಲ್ಲ ಎಂದವರನ್ನು ಯಾವ ಕಡೆ ಮನಸ್ಸು ವಾಲಿದೆ ಎಂದು ಮತ್ತೊಮ್ಮೆ ಕೇಳಬೇಕು. ಆಗಲೂ ಹೇಳದಿದ್ದರೆ, ಉಳಿದವರು ಹೇಗೆ ಹಂಚಿಕೊಂಡಿದ್ದಾರೋ ಅದೇ ಪ್ರಮಾಣದಲ್ಲಿ ಇವರನ್ನೂ ಹಂಚುವುದು ಕಚೇರಿಯ ಪದ್ಧತಿ.

ತುಂಬಿದ ಫಾರಂಗಳಲ್ಲಿ ಕೆಲವನ್ನು ಹಿಡಿದು ಅದೇ ಮನೆಗೆ ಮತ್ತೆ ಹೋಗಿ ತಾಳೆ ನೋಡುವುದು ನನ್ನ ಕೆಲಸ. ಮಾನ್ವಿ ತಾಲೂಕಿನ ಹಿರೇಕೊಟ್ನೆಕಲ್ಲಿನಲ್ಲಿ ಕುರಿ ಸಾಕುವವರ ಓಣಿಯ ಒಬ್ಬ ಅಜ್ಜಿಯ ಫಾರಂ ನನ್ನ ಕೈಯಲ್ಲಿತ್ತು. ಖಾತ್ರಿ ಹತ್ತು ಎಂದು ಹುಡುಗಿ ಬರೆದಿದ್ದಳು. ನಾನು ಕೇಳಿದೆ. ಅಜ್ಜಿ ಕುರಿಯ ಉಣ್ಣೆ ಬಿಡಿಸುತ್ತ, "ಐದು ಬರ್ಕೋ ಯಪ್ಪಾ" ಎಂದಳು. ಪಕ್ಕದ ಮೂರು ಮನೆಗಳಲ್ಲೂ ಹಾಗೇ ಆಯಿತು: ಫಾರಮ್ಮಿನಲ್ಲಿ ಹತ್ತು, ಬಾಯಲ್ಲಿ ಐದು.

ಮಾನ್ವಿ ಬಸ್ ನಿಲ್ದಾಣದಲ್ಲಿ ಹುಡುಗಿಯನ್ನು ಕೂರಿಸಿ ಕೇಳಿದೆ.

"ಸರ್, ಆ ಅಜ್ಜಿ ಹೋಗೇ ಹೋಗ್ತಾಳ್ರೀ. ಹೋದ ಸಲ ಬೂತ್ ಬಾಗಲಾ ತಗಿಯೂಕಿಂತ ಮೊದಲ ಬಂದು ಕುಂತಿದ್ಲಂತ."

"ಆಕಿ ಬಾಯಿಲೇ ಎಷ್ಟಂದ್ಲು?"

"ಐದಂದ್ಲ್ರೀ."

"ಮತ್ತ ಐದು ಬರಿಬೇಕು. ನೀ ಮೀಟರ್ ಓದಾಕ ಬಂದೀಯೋ, ಮುಳ್ಳು ತಿರುವಾಕ ಬಂದೀಯೋ?"

ಅವಳು, "ಮುಳ್ಳ ತಪ್ಪು ತೋರಿಸಿದ್ರ ಏನ್ ಮಾಡ್ತಿದ್ರಿ ಸರ್?" ಎಂದಳು.

ಅದನ್ನು ನೋಡಿಕೊಳ್ಳಲು ಬೇರೆ ಮಂದಿ ಇದ್ದರು ಎಂದು ಹೇಳಿ ಎದ್ದೆ. ಆ ಓಣಿಯ ಫಾರಂಗಳನ್ನೆಲ್ಲ ಅವಳಿಂದ ಮತ್ತೊಮ್ಮೆ ಕೇಳಿಸಿ ತಿದ್ದಿಸಿದೆ. ಹೆಚ್ಚಿನವು ಐದಾದವು, ಜರಡಿಯಿಂದ ಕೆಳಗೆ ಬಿದ್ದವು. ಉತ್ತರವನ್ನು ಹೆಚ್ಚಿಸಿ ಬರೆದಿದ್ದಾಳೆ ಎಂದು ಎಚ್ಚರಿಕೆಯ ಪತ್ರ ಬರೆದು ಅವಳ ಫೈಲಿಗೆ ಹಾಕಿದೆ.

ಮತ ಎಣಿಕೆಯ ದಿನ ನಮ್ಮ ಅಂದಾಜು ಮಾನ್ವಿಯಲ್ಲಿ ತಲೆಕೆಳಗಾಯಿತು. ಮುಂದಿದ್ದಾರೆ ಎಂದು ನಾವು ಹೇಳಿದವರು ಸೋತಿದ್ದರು. ಮರುದಿನವೇ ಕಚೇರಿಯಿಂದ ಫೋನು. ಅವರು ಫೈಲು ತೆಗೆದು ನೋಡಿದ್ದರು, ನನ್ನ ಎಚ್ಚರಿಕೆ ಪತ್ರ ಸಿಕ್ಕಿತ್ತು. ಹುಡುಗಿ ಮನೆಯಲ್ಲೇ ಕೂತು ಫಾರಂ ತುಂಬಿದ್ದಾಳೆ, ಅವಳನ್ನು ಕೆಲಸದಿಂದ ತೆಗೆಯುತ್ತೇವೆ, ವಾರದೊಳಗೆ ನೀವೊಂದು ವರದಿ ಸಹಿ ಮಾಡಿ ಕಳಿಸಿ ಎಂದರು. ದೇವದುರ್ಗದ ಮಾತನ್ನು ಯಾರೂ ಎತ್ತಲಿಲ್ಲ.

ಪೆನ್ನು ತೆಗೆದೆ. ಮೊದಲ ಸಾಲು ಬರೆಯಲಾಗಲಿಲ್ಲ. ಅವಳು ಮನೆಯಲ್ಲಿ ಕೂತಿರಲಿಲ್ಲ. ನಾನು ಹೋದ ಪ್ರತಿ ಮನೆಯವರೂ ಅವಳು ಬಂದದ್ದನ್ನು, ನೀರು ಕೇಳಿ ಕುಡಿದದ್ದನ್ನು ಹೇಳಿದ್ದರು. ಬಸ್ ನಿಲ್ದಾಣದಲ್ಲಿ ಅವಳು ಕೇಳಿದ ಪ್ರಶ್ನೆಯೂ ನೆನಪಾಯಿತು. ಸ್ಥಾವರದಲ್ಲಿ ಮೀಟರಿನ ಮೇಲೆ ಅನುಮಾನ ಬಂದರೆ, ಖಚಿತವಾದ ಮತ್ತೊಂದು ಮೀಟರನ್ನು ಪಕ್ಕದಲ್ಲಿಟ್ಟು ಹೋಲಿಸುತ್ತಿದ್ದರು. ಇಲ್ಲಿಯೂ ಅಂಥದೊಂದು ಇತ್ತು. ಮತ ಹಾಕಿದವರ ಎಡಗೈ ತೋರುಬೆರಳಿನ ಶಾಯಿ ಇನ್ನೂ ಹೋಗಿರಲಿಲ್ಲ.

ಬೆಳಗಿನ ಬಸ್ಸಿಗೆ ಹುಡುಗಿಯನ್ನು ಕರೆದುಕೊಂಡು ಹೊರಟೆ. ಕೆಲಸ ಹೋಗುವ ವಿಷಯ ಅವಳಿಗೆ ತಿಳಿದಿತ್ತು. ಮೊದಲು ಮಾನ್ವಿ ಪೇಟೆಯಲ್ಲಿ ಇಳಿದೆವು. "ಹತ್ತಕ್ಕ ಹನ್ನೊಂದು ಬರ್ಕೊಳ್ರಿ" ಎಂದು ಸಮೀಕ್ಷೆಯ ಹೊತ್ತಿನಲ್ಲಿ ನಕ್ಕಿದ್ದ ಬಟ್ಟೆ ವ್ಯಾಪಾರಿಯ ಬೆರಳು ಸ್ವಚ್ಛವಾಗಿತ್ತು. ಮತದಾನದ ದಿನ ಬೀಗರ ಮನೆಯಲ್ಲಿ ಮದುವೆ ಇತ್ತಂತೆ. ಅವನ ಫಾರಂ ನಮ್ಮ ಲೆಕ್ಕದಲ್ಲಿತ್ತು. ಅವನ ಹಾಗೆಯೇ ಹತ್ತು ಹೇಳಿ ಹೋಗದವರು ಇನ್ನೂ ಕೆಲವರು ಸಿಕ್ಕರು.

ಹಿರೇಕೊಟ್ನೆಕಲ್ಲಿನ ಓಣಿಯಲ್ಲಿ ನಾನು ಬದಿಗಿಡಿಸಿದ ಫಾರಂಗಳ ಪಟ್ಟಿ ಹಿಡಿದು ಮನೆ ಮನೆ ಹತ್ತಿದೆವು. ಒಂದಾದ ಮೇಲೊಂದು ಬೆರಳು, ಉಗುರಿನ ಬುಡದಲ್ಲಿ ಕಪ್ಪು. ಯಾರಿಗೆ ಹಾಕಿದಿರಿ ಎಂದು ನಾನು ಕೇಳಲಿಲ್ಲ. ಫಲಿತಾಂಶ ಬಂದ ಮೇಲೆ ಗೆದ್ದವರಿಗೇ ಹಾಕಿದೆವು ಎನ್ನುವವರು ಹೆಚ್ಚಾಗುತ್ತಾರೆ. ಮುಂಚೆ ಹೇಳಿದ್ದು ಫಾರಮ್ಮಿನಲ್ಲೇ ಇತ್ತು. ಬದಿಗೆ ಬಿದ್ದವರಲ್ಲಿ ಬಹುಪಾಲು ಜನ ಗೆದ್ದವರ ಕಡೆಯವರೇ. ತೀರ್ಮಾನಿಸಿಲ್ಲ ಎಂದಿದ್ದ ಮನೆಯವರು ಹೇಳಿದ್ದು ಇಷ್ಟು: ಕುರಿ ಮೇಯಿಸಲು ಹೋದವರು ಮತದಾನಕ್ಕೆ ಎರಡು ದಿನ ಮೊದಲು ಮರಳಿದರು, ಆಮೇಲೆ ಎಲ್ಲರೂ ಕಟ್ಟೆಯ ಮೇಲೆ ಕೂತು ಮಾತಾಡಿಕೊಂಡೆವು. ಒಟ್ಟಿಗೆ ತೀರ್ಮಾನಿಸಿದವರನ್ನು ನಾವು ಪ್ರಮಾಣದ ಪ್ರಕಾರ ಎರಡೂ ಕಡೆ ಹಂಚಿದ್ದೆವು.

ಅಜ್ಜಿ ತಾನಾಗಿಯೇ ಬೆರಳು ಚಾಚಿದಳು. ಅಂದು ಕೇಳದಿದ್ದ ಪ್ರಶ್ನೆಯನ್ನು ಕೇಳಿದೆ. "ಅಲ್ಲಬೇ ಯವ್ವಾ, ಹೋಗಾಕಿ ಇದ್ದಿ, ಮತ್ತ ಐದು ಯಾಕಂದಿ?"

"ಐದು ನನ್ನ ಕೈಯಾಗದಾವ, ಐದು ಮ್ಯಾಲಿನವನ ಕೈಯಾಗದಾವ. ಹತ್ತೂ ನನ್ವ ಅಂದ್ರ ಸೊಕ್ಕ ಆಗತದಲ್ಲೋ ಯಪ್ಪಾ."

ಹುಡುಗಿ ಮೊದಲ ಸಲ ನಕ್ಕಳು. "ನಮ್ಮನ್ಯಾಗೂ ಹಂಗ ರೀ ಸರ್. ನಮ್ಮಮ್ಮಿ ಚಾ ಇಡ್ತೀನಿ ಅನ್ನಾಗೂ ಇನ್ಶಾಅಲ್ಲಾ ಅಂತಾಳ."

"ಇದನ್ನ ನನಗ ಅವತ್ತ ಯಾಕ ಹೇಳ್ಲಿಲ್ಲ?"

"ನೀವು ಎದ್ದು ಹೋದ್ರಲ್ರೀ."

ವರದಿಯನ್ನು ಆ ದಿನವೇ ಬರೆದೆ. ಹುಡುಗಿ ಹತ್ತು ಎಂದು ಬರೆದದ್ದು ಸರಿಯಲ್ಲ. ಕೇಳುವವರು ತಮ್ಮ ಊಹೆಯನ್ನು ಉತ್ತರದ ಜಾಗದಲ್ಲಿ ಬರೆಯಬಾರದು. ಆದರೆ ಅವಳು ಸುಳ್ಳು ಬರೆಯಲಿಲ್ಲ. ಪ್ರಶ್ನೆ ಅಳೆಯದೆ ಬಿಟ್ಟದ್ದನ್ನು ಅಳೆದಿದ್ದಳು. ಯಾಕೆ ಐದು ಎಂದು ಕೇಳದೆ ತಿದ್ದಿಸಿದವನು ನಾನು. ಖಾತ್ರಿಯೊಂದನ್ನೇ ಕೇಳುವ ಬದಲು ಹೋದ ಸಲ ಹೋಗಿದ್ದಿರಾ, ಬೂತ್ ಎಲ್ಲಿದೆ, ಯಾರ ಜೊತೆ ಹೋಗುತ್ತೀರಿ ಎಂದೂ ಕೇಳಬೇಕು. ಮಾನ್ವಿಯಲ್ಲಿ ಅಂದಾಜು ತಪ್ಪಿದ್ದಕ್ಕೆಲ್ಲ ಇದೊಂದೇ ಕಾರಣವೆಂದು ನಾನು ಹೇಳಲಾರೆ, ಒಂದು ಓಣಿ ನೋಡಿ ತಾಲೂಕು ಹೇಳಲು ಬರುವುದಿಲ್ಲ ಎಂದೂ ಸೇರಿಸಿದೆ. ಬೆರಳುಗಳ ಪಟ್ಟಿಯನ್ನು ಜೊತೆಗಿಟ್ಟೆ.

ಹತ್ತು ದಿನಕ್ಕೆ ಉತ್ತರ ಬಂತು. ಅವಳ ಕೆಲಸ ಉಳಿಯಿತು, ದೇವದುರ್ಗವೂ ಸಿಕ್ಕಿತು. ನನ್ನ ಎಚ್ಚರಿಕೆ ಪತ್ರವನ್ನು ಹರಿದು ಹಾಕಿ ಎಂದು ಕೇಳಿದ್ದೆ. ಫೈಲಿಗೆ ಸೇರಿದ ಕಾಗದ ಹರಿಯುವ ನಿಯಮವಿಲ್ಲ ಎಂದರು. ನಿಯಮ ಸರಿಯೇ, ನಾನೂ ಹಾಗೇ ಹೇಳುತ್ತಿದ್ದೆ. ಹಾಗಾದರೆ ನನ್ನ ವರದಿಯನ್ನು ಅದರ ಮೇಲೆ ಪಿನ್ ಮಾಡಿ, ಫೈಲು ತೆಗೆದವರು ಮೊದಲು ನನ್ನ ತಪ್ಪನ್ನೇ ಓದಲಿ ಎಂದು ಬರೆದು ಕಳಿಸಿದೆ.