ಒಪ್ಪಿಗೆ ಕೇಳದ ಬೆಲೆ

ಹುಣಸೂರು ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಜೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ ಇದೆ. ಜನ ಸಿಟ್ಟು ಬಂದಾಗ ಇಲ್ಲಿಗೆ ಬರುತ್ತಾರೆ. ಪಕ್ಕದವನು ಬದು ಒತ್ತಿದ, ಕರೆಂಟ್ ಬಿಲ್ ಜಾಸ್ತಿ ಬಂತು, ಖಾತೆ ಆಗಲಿಲ್ಲ, ಎಲ್ಲದಕ್ಕೂ ಒಂದೊಂದು ಅರ್ಜಿ. ಅರ್ಜಿಯಲ್ಲಿ ಸುಳ್ಳು ಇಲ್ಲದಿದ್ದರೆ ಅದಕ್ಕೆ ಬೆಲೆ ಇಲ್ಲ ಎಂದು ಅರ್ಧ ಊರು ನಂಬಿದೆ. ಚೆಲುವರಾಜುವನ್ನು ನಾನು ಮರೆಯದಿರುವುದು ಈ ಕಾರಣಕ್ಕೆ.

ಬಿಳಿಕೆರೆ ಕಡೆಯ ಹಳ್ಳಿಯವನು. ಐವತ್ತು ದಾಟಿದೆ. ಹೊಗೆಸೊಪ್ಪು ಬೆಳೆಯುತ್ತಾನೆ, ಸೊಪ್ಪು ಬೇಯಿಸುವ ಬ್ಯಾರನ್ ಇದೆ, ಸಾಲಸೋಲವಿಲ್ಲ. ಯಾವಾಗಲೂ ಇಸ್ತ್ರಿ ಮಾಡಿದ ಷರಟು, ಮಾತು ಕಮ್ಮಿ, ಹಟ ಜಾಸ್ತಿ. ನನ್ನ ಅಂಗಡಿಯ ಮೇಲಿನ ಮಹಡಿಯಲ್ಲಿ ರೂಪಶ್ರೀ ಎಂಬ ಹುಡುಗಿ ಒಂದು ಬ್ರೋಕರ್ ಕಂಪನಿಯ ಏಜೆಂಟಾಗಿ ಆಫೀಸು ಇಟ್ಟಿದ್ದಾಳೆ. ಸೊಪ್ಪಿನ ಕೆಲಸ ಮುಗಿದ ದಿನಗಳಲ್ಲಿ ಚೆಲುವರಾಜು ಅಲ್ಲಿ ಕೂತು ಷೇರಿನ ರೇಟು ನೋಡುವುದು ವಾಡಿಕೆ.

ಕಳೆದ ವರ್ಷ ಅವನು ಒಂದು ಸಿಮೆಂಟ್ ಕಂಪನಿಯ ಆಪ್ಷನ್ ತೆಗೆದುಕೊಂಡಿದ್ದ. ಐನೂರು ಷೇರುಗಳ ಒಂದು ಲಾಟು. ತಿಂಗಳ ಕೊನೆಯ ಮಂಗಳವಾರದ ಅವಧಿಗೆ, ಅಷ್ಟು ಷೇರನ್ನು ಗೊತ್ತುಮಾಡಿದ ಬೆಲೆಗೆ ಕೊಳ್ಳುವ ಹಕ್ಕು ಅದು. ಷೇರಿಗೆ ಮೂವತ್ತನಾಲ್ಕು ರೂಪಾಯಿಯಂತೆ ಹಕ್ಕಿನ ಬೆಲೆ ತೆತ್ತಿದ್ದ. ಷೇರು ಏರಿತು, ಹಕ್ಕಿನ ಬೆಲೆಯೂ ಏರಿತು. ಆದರೆ ಅವಧಿ ಮುಗಿಯುವ ತನಕ ಇಟ್ಟುಕೊಂಡರೆ ಆರು ಲಕ್ಷ ಕೊಟ್ಟು ಷೇರುಗಳನ್ನೇ ಕೊಳ್ಳಬೇಕಾಗುತ್ತದೆ. ಅಷ್ಟು ಹಣ ಖಾತೆಯಲ್ಲಿ ಇಲ್ಲದವರ ಲಾಟನ್ನು ಬ್ರೋಕರ್ ಕಂಪನಿ ಕೊನೆಯ ದಿನ ತಾನೇ ಮಾರಿಹಾಕುತ್ತದೆ. ಖಾತೆ ತೆರೆಯುವಾಗ ಎಲ್ಲರೂ ಇದಕ್ಕೆ ಸಹಿ ಹಾಕಿರುತ್ತಾರೆ, ಯಾರೂ ಓದಿರುವುದಿಲ್ಲ.

ಆ ಮಂಗಳವಾರ ಬೆಳಿಗ್ಗೆ ರೂಪಶ್ರೀ ಫೋನ್ ಮಾಡಿ, "ರಾಜಣ್ಣ, ಐವತ್ತೇಳು ಕೊಡ್ತಾವ್ರೆ, ಮಾರ್ಬುಡಿ" ಎಂದಿದ್ದಳು. ಇವನು "ಆ ರೇಟಿಗೆ ಕೊಡಕ್ಕಿಲ್ಲ ಕಣವ್ವ" ಎಂದು ಇಟ್ಟುಬಿಟ್ಟ. ಮಧ್ಯಾಹ್ನ ಮನಸ್ಸು ಬದಲಾಯಿಸಿ ಐವತ್ತೈದಕ್ಕೆ ಮಾರಲು ಆರ್ಡರ್ ಹಾಕಿಸಿದ. ಕೊನೆಯ ದಿನ ಇಂಥ ಲಾಟಿಗೆ ಗಿರಾಕಿ ವಿರಳ, ಆರ್ಡರ್ ಹಾಗೇ ಕಾಯುತ್ತಿತ್ತು. ಗಡಿಯಾರದಲ್ಲಿ ಒಂದು ಗಂಟೆ ದಾಟುತ್ತಿದ್ದಂತೆ ಕಂಪನಿಯ ಕಂಪ್ಯೂಟರು ಅದನ್ನು ರದ್ದು ಮಾಡಿ, ಆಗ ಸಿಕ್ಕಿದ ಬೆಲೆಗೆ ಲಾಟನ್ನು ಮಾರಿತು. ಸಿಕ್ಕಿದ್ದು ಮೂವತ್ತೆಂಟು.

ಮಾರನೆಯ ದಿನ ಅವನು ನನ್ನ ಅಂಗಡಿಗೆ ಬಂದ. ಜೊತೆಗೆ ಹೆಂಡತಿಯ ಅಣ್ಣ ಮಹದೇವಪ್ಪ.

"ನನ್ನ ಮಾಲು, ನನ್ನ ಕೇಳ್ದೆ ಮಾರವ್ರೆ ಕಣ್ ಸ್ವಾಮಣ್ಣ. ಕಂಪನಿಗೆ ಒಂದು ದೂರು ಬರ್ಕೊಡಿ" ಎಂದ.

ಹಾಗೆ ನೋಡಿದರೆ ಅವನಿಗೆ ಗಂಟೇನೂ ಹೋಗಿರಲಿಲ್ಲ. ಷೇರಿಗೆ ನಾಲ್ಕು ರೂಪಾಯಿ ಲಾಭವೇ. ನಾನು ಅದನ್ನೇ ಹೇಳಿ ನಕ್ಕೆ. ಅವನು ನಗಲಿಲ್ಲ.

"ಹರಾಜಲ್ಲಿ ನನ್ನ ಸೊಪ್ಪಿನ ಬೇಲ್‌ಗೆ ಸಿಗರೇಟ್ ಕಂಪನಿಯೋರು ರೇಟು ಕೂಗ್ತಾರೆ. ನಂಗೆ ಒಪ್ಗೆ ಆಗ್ನಿಲ್ಲ ಅಂದ್ರೆ ಬ್ಯಾಡ ಅಂತೀನಿ, ಬೇಲ್ ಎತ್ಕಂಡು ಬತ್ತೀನಿ. ಇಲ್ಲೂ ಅಂಗೇ ಅನ್ಕಂಡಿದ್ದೆ. ಕೊಡಕ್ಕಿಲ್ಲ ಅಂದ್ಮೇಲೆ ಮುಗೀತು ಅಂತ."

ಆಗ ನನಗೆ ಅರ್ಥವಾಯಿತು. ತಂಬಾಕು ಹರಾಜಿನಲ್ಲಿ ರೈತನಿಗಿರುವ ಒಂದೇ ಒಂದು ದೊಡ್ಡಸ್ತಿಕೆ ಆ 'ಬೇಡ'. ಮೂವತ್ತು ವರ್ಷ ಅದನ್ನು ಹೇಳಿ ಅಭ್ಯಾಸವಾದವನು, ಮಹಡಿಯ ಮೇಲಿನ ಮಾರುಕಟ್ಟೆಯಲ್ಲೂ ಅದು ನಡೆಯುತ್ತದೆಂದು ನಂಬಿಬಿಟ್ಟಿದ್ದ. ಬೇಲು ನಾಳೆಯೂ ಬೇಲೇ. ಆಪ್ಷನ್ನಿಗೆ ನಾಳೆ ಎಂಬುದೇ ಇಲ್ಲ.

ಮಹದೇವಪ್ಪನಿಗೆ ಈ ತತ್ವವೆಲ್ಲ ಬೇಕಿರಲಿಲ್ಲ. "ಯಾರೂ ಯೋಳೇ ಇಲ್ಲ ಅಂತ ಬರೀರಿ ಸ್ವಾಮಿ. ಫೋನೂ ಇಲ್ಲ, ಮೆಸೇಜೂ ಇಲ್ಲ. ಗ್ಯಾರಂಟಿ ದುಡ್ಡು ಕೊಡ್ತಾರೆ" ಎಂದ. ನನ್ನ ಬೆರಳು ಆಗಲೇ ಕೀಲಿಯ ಮೇಲಿತ್ತು. ಇಂಥ ಸಾಲು ನನಗೆ ಹೊಸದಲ್ಲ.

ಅಷ್ಟರಲ್ಲಿ ರೂಪಶ್ರೀ ಮೆಟ್ಟಿಲಿಳಿದು ಬಂದಳು. ಮುಖ ಬಾಡಿತ್ತು. ದೂರು ಕಳಿಸಬೇಕಾದ ಇಮೇಲ್ ವಿಳಾಸವನ್ನು ತಾನೇ ಚೀಟಿಯಲ್ಲಿ ಬರೆದುಕೊಟ್ಟಳು.

"ಇಪ್ಪತ್ತೊಂದು ದಿನದಲ್ಲಿ ಉತ್ತರ ಕೊಡ್ಬೇಕು. ಸರಿಹೋಗ್ನಿಲ್ಲ ಅಂದ್ರೆ ಷೇರುಪೇಟೆ ಮೇಲಿರೋ ಸೆಬಿಯೋರ ಸ್ಕೋರ್ಸ್ ಅನ್ನೋ ದೂರಿನ ವೆಬ್‌ಸೈಟಿಗೆ ಹಾಕ್ಬೌದು ರಾಜಣ್ಣ. ನಿಮ್ಗೆ ಅನ್ಸಿದ್ದು ಬರೀರಿ" ಎಂದು ಹೇಳಿ ಹೊರಟುಹೋದಳು. ಬೇರೆ ಏನೂ ಕೇಳಲಿಲ್ಲ. ಗಿರಾಕಿಗೆ ಹೇಳಲೇ ಇಲ್ಲ ಎಂಬ ದೂರು ಹೋದರೆ ಕಂಪನಿ ಮೊದಲು ಕೈಬಿಡುವುದು ಏಜೆಂಟನ್ನೇ ಎಂಬುದು ಅಲ್ಲಿದ್ದ ಮೂವರಿಗೂ ಗೊತ್ತಿತ್ತು. ಆ ಆಫೀಸು ಮುಚ್ಚಿದರೆ ಅವಳ ಮನೆಯ ಒಲೆ ಉರಿಯುವುದು ಕಷ್ಟ.

ಚೆಲುವರಾಜು ಆ ಚೀಟಿಯನ್ನು ನನ್ನ ಕೀಬೋರ್ಡಿನ ಪಕ್ಕ ಇಟ್ಟು ಮಹದೇವಪ್ಪನ ಕಡೆ ತಿರುಗಿದ.

"ಭಾವ, ಆ ಹುಡ್ಗಿ ಫೋನ್ ಮಾಡಿದ್ದು ದಿಟ. ಬ್ಯಾಡ ಅಂದಿದ್ದು ನಾನು. ಅದ್ನ ನುಂಗ್ಕಂಡು ದುಡ್ಡು ಇಸ್ಕಂಡ್ರೆ ಅರಗ್ತದಾ?"

"ಅಂಗಾದ್ರೆ ದೂರು ಯಾಕ್ಲಾ ಕೊಡ್ತೀಯೆ!" ಎಂದು ಮಹದೇವಪ್ಪ ಸಿಡಿದ.

"ಕೊಡ್ತೀನಿ. ನಡೆದಂಗೆ ಬರ್ಸಿ ಕೊಡ್ತೀನಿ."

ಅವನು ಹೇಳುತ್ತಾ ಹೋದ, ನಾನು ಟೈಪ್ ಮಾಡುತ್ತಾ ಹೋದೆ. 'ಬೆಳಿಗ್ಗೆ ಫೋನ್ ಬಂದಿತ್ತು, ನಾನು ಒಪ್ಪಲಿಲ್ಲ, ಅದು ನನ್ನ ತಿಳಿವಳಿಕೆಯ ತಪ್ಪು. ಆಮೇಲೆ ಐವತ್ತೈದಕ್ಕೆ ಹಾಕಿಸಿದ ನನ್ನ ಆರ್ಡರನ್ನು ಕಿತ್ತುಹಾಕಿದ್ದೇಕೆ?' ಕಂಪನಿಯ ಮೆಸೇಜನ್ನೂ ಲಗತ್ತಿಸಬೇಕೆಂದು ಮೊಬೈಲು ನನ್ನ ಕೈಗೆ ಕೊಟ್ಟ. ಅದನ್ನು ಓದುತ್ತಿದ್ದ ನಾನು ಅಲ್ಲೇ ನಿಂತೆ. 'ಮಧ್ಯಾಹ್ನ ಎರಡು ಗಂಟೆಯೊಳಗೆ ಹಣ ತುಂಬಿ ಅಥವಾ ನೀವೇ ಮಾರಿ, ತಪ್ಪಿದರೆ ನಾವು ಮಾರುತ್ತೇವೆ' ಎಂದಿತ್ತು. ಅವರು ಮಾರಿದ್ದು ಒಂದೂ ಹತ್ತಕ್ಕೆ.

ಮೆಸೇಜೇ ಬಂದಿಲ್ಲ ಎಂದು ಬರೆದಿದ್ದರೆ ಈ ಎರಡು ಗಂಟೆಯ ಮಾತನ್ನು ಎತ್ತುವ ಹಾಗೇ ಇರಲಿಲ್ಲ! ಮಹದೇವಪ್ಪ ಮೊಬೈಲು ಇಸಿದುಕೊಂಡು ಓದಿ, ಟೀ ಕುಡಿಯಲು ಎದ್ದುಹೋದ.

ಮೂರನೆಯ ವಾರ ಉತ್ತರ ಬಂತು. ಮಾರುವ ಹಕ್ಕು ತಮಗಿದೆ ಎಂದು ಕಂಪನಿ ಉದ್ದಕ್ಕೂ ವಾದಿಸಿತ್ತು. ಕೊನೆಗೆ, ತಿಳಿಸಿದ ಸಮಯಕ್ಕಿಂತ ಮೊದಲೇ ಮಾರಿದ್ದು ತಮ್ಮ ಲೋಪವೆಂದೂ, ಎರಡು ಗಂಟೆಯೊಳಗೆ ಆ ಆಪ್ಷನ್ ಐವತ್ತೊಂದರವರೆಗೆ ಮಾರಾಟವಾಗಿದ್ದರಿಂದ ಷೇರಿಗೆ ಹದಿಮೂರು ರೂಪಾಯಿಯಂತೆ ಆರೂವರೆ ಸಾವಿರ ಖಾತೆಗೆ ಹಾಕುವುದಾಗಿಯೂ ಒಪ್ಪಿಕೊಂಡಿತ್ತು. ಏಜೆಂಟ್ ತಿಳಿಸಿದ್ದರೆಂದು ಗ್ರಾಹಕರೇ ಹೇಳಿರುವುದರಿಂದ ಅವರ ಮೇಲೆ ವಿಚಾರಣೆ ಇಲ್ಲ ಎಂಬ ಸಾಲೂ ಇತ್ತು. ರೂಪಶ್ರೀ ಅದನ್ನು ನನ್ನ ಅಂಗಡಿಯಲ್ಲೇ ಓದಿ ಅತ್ತುಬಿಟ್ಟಳು.

ಆಪ್ಷನ್ ವ್ಯಾಪಾರವನ್ನು ಚೆಲುವರಾಜು ಅಲ್ಲಿಗೇ ಬಿಟ್ಟ. ಆದರೆ ರೂಪಶ್ರೀಯ ಆಫೀಸು ಬಿಡಲಿಲ್ಲ, ಆಗೀಗ ನಾಲ್ಕು ಷೇರು ಕೊಂಡು ಇಟ್ಟುಕೊಳ್ಳುತ್ತಾನೆ.

ಆ ಸಲದ ಹರಾಜಿನಲ್ಲಿ ಅವನ ಒಂದು ಒಳ್ಳೆಯ ಬೇಲ್‌ಗೆ ಕಮ್ಮಿ ರೇಟು ಕೂಗಿದರಂತೆ. ಮಹದೇವಪ್ಪ ಕೊಟ್ಟುಬಿಡು ಎಂದು ಭುಜ ಹಿಡಿದು ಅಲ್ಲಾಡಿಸಿದರೂ ಇವನು ಬೇಡವೆಂದು ಬೇಲನ್ನು ಮನೆಗೆ ಹೊರಿಸಿಕೊಂಡು ಬಂದ. ಮುಂದಿನ ಸರದಿಯಲ್ಲಿ ಅದು ಕೆಜಿಗೆ ಇನ್ನೂ ಎರಡು ರೂಪಾಯಿ ಕಮ್ಮಿಗೆ ಹೋಯಿತು. ಹರಾಜಿನ ಪಟ್ಟಿ ಜೆರಾಕ್ಸ್ ಮಾಡಿಸಲು ಬಂದಾಗ ನಾನು ಬಿಡದೆ ಛೇಡಿಸಿದೆ.

"ಕಮ್ಮಿಗೇ ಹೋಯ್ತು ಬುಡಿ ಸ್ವಾಮಣ್ಣ" ಎಂದ, ಷರಟಿನ ಜೇಬಿಗೆ ಪಟ್ಟಿ ಮಡಿಸಿ ಇಡುತ್ತಾ. "ಆದ್ರೆ ಕೊಟ್ಟೋನು ನಾನು."