ಬರೀ ಹಬೆ ಅಂದಿದ್ದೆ

ಥೂ, ಆ ಬಿಳಿ ಹೊಗೆ ನೆನೆದರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆ. ತೊಂಬತ್ತರ ದಶಕದಲ್ಲಿ ಕುಣಿಗಲ್ ರಸ್ತೆಯ ಒಂದು ಸಲ್ಫ್ಯೂರಿಕ್ ಆಸಿಡ್ ಕಾರ್ಖಾನೆಯಲ್ಲಿ ನಾನು ಕೆಮಿಸ್ಟ್. ಸದಾಶಿವನಗರದಿಂದ ಸ್ಕೂಟರಿನಲ್ಲಿ ಹೋಗಿ ಬರುತ್ತಿದ್ದೆ. ಯಾವ ಷರಟು ಹಾಕಿದರೂ ವಾರದೊಳಗೆ ತೂತು.

ಕೆಲಸ ಹೇಳಲು ಸುಲಭ. ಗಂಧಕ ಕರಗಿಸಿ ಒಣಗಾಳಿಯಲ್ಲಿ ಸುಟ್ಟರೆ ಸಲ್ಫರ್ ಡೈಆಕ್ಸೈಡ್. ಅದು ನಾನೂರು ಡಿಗ್ರಿಗೂ ಮೇಲೆ ಕಾದ ವನಾಡಿಯಂ ವೇಗವರ್ಧಕದ ಪದರಗಳನ್ನು ಹಾದು ಟ್ರೈಆಕ್ಸೈಡ್ ಆಗುತ್ತದೆ. ಅದನ್ನು ನೇರ ನೀರಿಗೆ ಬಿಟ್ಟರೆ ಆಸಿಡ್ಡೇ ಮಂಜಾಗಿ ಹಾರಿಹೋಗುತ್ತದೆ, ಹಿಡಿಯಲಾಗದು. ಅದಕ್ಕೇ ಶೇಕಡಾ ತೊಂಬತ್ತೆಂಟರ ಆಸಿಡ್‌ನಲ್ಲಿ ಹೀರಿಸಬೇಕು. ಹೀರಿ ಗಟ್ಟಿಯಾದದ್ದಕ್ಕೆ ಅಳತೆಯಿಂದ ನೀರು ಬೆರೆಸಿ ಮತ್ತೆ ತೊಂಬತ್ತೆಂಟಕ್ಕೆ ತರಬೇಕು.

ಆ ಅಳತೆಗೆ ಗಂಟೆಗೊಮ್ಮೆ ಟೈಟ್ರೇಷನ್ ಮಾಡಬೇಕಿತ್ತು, ಅಂದರೆ ಬ್ಯೂರೆಟ್ಟಿನ ಗಾಜಿನ ಕೊಳವೆಯಿಂದ ಕ್ಷಾರ ಹನಿಸಿ ಆಸಿಡ್ ಎಷ್ಟು ಗಟ್ಟಿ ಎಂದು ಅಳೆಯಬೇಕಿತ್ತು. ಮ್ಯಾನೇಜರ್‌ಗೆ ಅದು ದಂಡದ ಕೆಲಸ. “ಏನ್ರೀ, ಬ್ಯೂರೆಟ್ ಹಿಡ್ಕೊಂಡೇ ಕೂತಿರ್ತೀರಲ್ಲ? ಹೈಡ್ರೋಮೀಟರ್ ಬಿಟ್ಟು ನೋಡಿ, ಸಾಕು.” ಅಷ್ಟು ಗಟ್ಟಿ ಆಸಿಡ್‌ನಲ್ಲಿ ಆ ತೇಲುವ ಕಡ್ಡಿ ತೊಂಬತ್ತಾರಕ್ಕೂ ನೂರಕ್ಕೂ ಹೆಚ್ಚುಕಡಿಮೆ ಒಂದೇ ಗೆರೆ ತೋರಿಸುತ್ತದೆ. ಗೊತ್ತಿದ್ದೂ ಬ್ಯೂರೆಟ್ ಎತ್ತಿಟ್ಟೆ.

ಒಂದು ಬೆಳಿಗ್ಗೆ ಚಿಮಣಿಯಲ್ಲಿ ಬಿಳಿ ಹೊಗೆ ಎದ್ದಿತು. “ಗಟ್ಟಿ ಜಾಸ್ತಿ ಆಗಿದೆ, ನೀರು ಬಿಡಿ” ಅಂದ ಆ ಮಹಾಶಯ. ಬಿಟ್ಟೆ. ಮಂಜು ಇನ್ನೂ ದಟ್ಟವಾಗಿ ಬೇಲಿಯಾಚೆಯ ಹಿಪ್ಪುನೇರಳೆ ತೋಟದ ಮೇಲೆ ಕೂತಿತು. ಆಮೇಲೆ ಕದ್ದು ಟೈಟ್ರೇಷನ್ ಮಾಡಿ ಲೆಕ್ಕ ಹಾಕಿದರೆ, ಆಸಿಡ್ ಮೊದಲೇ ತೆಳುವಾಗಿತ್ತು, ನೀರು ಬಿಟ್ಟು ಮಂಜನ್ನು ನಾನೇ ಹೆಚ್ಚಿಸಿದ್ದೆ!

ಮಧ್ಯಾಹ್ನ ತೋಟದ ಹೆಂಗಸು ಚುಕ್ಕೆ ಬಿದ್ದ ಸೊಪ್ಪು ಹಿಡಿದು ಗೇಟಿಗೆ ಬಂದಳು. ಅವಳ ರೇಷ್ಮೆಹುಳ ಕೊನೆಯ ಪೊರೆ ಕಳಚಿದ್ದವು. ಇನ್ನೊಂದು ವಾರಕ್ಕೆ ಗೂಡು ಕಟ್ಟಬೇಕು. “ಅಣ್ಣಾ, ಹುಳ ಹಸ್ಕೊಂಡವೆ. ಈ ಸೊಪ್ಪು ಹಾಕ್ಬೋದಾ?”

ಮ್ಯಾನೇಜರ್ ನಡುವೆ ಬಾಯಿ ಹಾಕಿದ. “ನಮ್ಮ ಆಸಿಡ್ ಇಲ್ದಿದ್ರೆ ನಿನ್ನ ತೋಟಕ್ಕೆ ಸೂಪರ್ ಫಾಸ್ಫೇಟ್ ಗೊಬ್ಬರಾನೇ ಇಲ್ಲ ಕಣಮ್ಮ. ಬ್ಯಾಟರಿ, ಬಣ್ಣ, ಸೋಪಿನ ಪುಡಿ, ಎಲ್ಲಕ್ಕೂ ಇದೇ ಬೇಕು.” ಸುಳ್ಳಲ್ಲ. ಮುಖ್ಯವಾಗಿ ಗೊಬ್ಬರಕ್ಕೆಂದೇ ಲೋಕದ ತುಂಬ ಇದನ್ನು ಟನ್ನುಗಟ್ಟಲೆ ಮಾಡುವುದು. ಆ ನಿಜವನ್ನೇ ಹಿಡಿದು ಅವಳ ಬಾಯಿ ಮುಚ್ಚಿಸಿದ್ದಕ್ಕೆ ನನಗೆ ಮೈಯೆಲ್ಲ ಉರಿಯಿತು. “ಬೇಕಾದ್ರೆ ಕೆಮಿಸ್ಟ್ ಸಾರನ್ನೇ ಕೇಳು” ಎಂದು ನನ್ನನ್ನು ದುರುಗುಟ್ಟಿ ನೋಡಿದ.

“ಬರೀ ಹಬೆ ಕಣಮ್ಮ, ಹಾಕು” ಅಂದೆ.

ಮೂರನೇ ದಿನ ಅವಳು ಮತ್ತೆ ಬಂದಳು. ಬೈಯಲಿ, ಉಗಿಯಲಿ ಎಂದು ತಲೆ ತಗ್ಗಿಸಿ ನಿಂತೆ. ತಟ್ಟೆ ತುಂಬ ಕಪ್ಪಾಗಿ ಸತ್ತ ಹುಳ, ಗಬ್ಬು ನಾತ.

“ಓದಿದೋರು, ಯಾವ ರೋಗ ನೋಡಿ ಹೇಳಣ್ಣ. ಸೊಪ್ಪಲ್ಲೇನೂ ಇಲ್ಲ ಅಂತ ನೀವೇ ಹೇಳಿದ್ರಲ್ಲ. ಮನೆಯೆಲ್ಲಾ ತೊಳ್ದು ಸುಣ್ಣ ಬಳ್ದಿವ್ನಿ. ನನ್ನ ಕೈನಾಗೇ ಏನೋ ದೋಷ ಐತೆ ಅಂತಾರೆ ಮನೇಲಿ. ಇನ್ಮೇಲೆ ನಾನು ಹುಳ ಮುಟ್ಟಾಕಿಲ್ಲ ಬುಡಿ.”

ನಾನು ರೋಗ ಹುಡುಕುವವನ ಹಾಗೆ ತಟ್ಟೆಯ ಮೇಲೆ ಬಗ್ಗಿ ನೋಡತೊಡಗಿದೆ.